ಬಳೆ ತೊಟ್ಟ ಬಟನ್ನಿಗೆ ಪ್ರಶ್ನೆಯಿರಲಿಲ್ಲ

ನನಗೊಂದು ಕೆಟ್ಟ ಚಟವಿತ್ತು. ಬೇರೆಯವರ ಡೆಕ್ಕನ್ನು ಪ್ರಿಂಟ್ ಹಾಕಿಸಿಕೊಂಡು, ಪೆನ್ಸಿಲ್ ಚೂಪು ಮಾಡಿಕೊಂಡು, ಅದರ ಹೊಟ್ಟೆ ಬಗೆಯುವುದು. ಡೆಕ್ ಅಂದರೆ ಕೆಲಸ ಕೇಳಿಕೊಂಡು ಬರುವ ಡಿಸೈನರುಗಳು ತಾವು ಇಲ್ಲಿಯವರೆಗೆ ಮಾಡಿದ್ದನ್ನು ತೋರಿಸಲು ಕಳಿಸುವ ಸ್ಲೈಡುಗಳ ಕಟ್ಟು. ಹೂಡಿಯ ಟೆಕ್ ಪಾರ್ಕೊಂದರ ನಾಲ್ಕನೇ ಮಹಡಿಯಲ್ಲಿ ನಮ್ಮ ಕಂಪನಿ. ಕಾರ್ಖಾನೆಯ ಮಷಿನ್‌ಗಳ ಮೇಲೆ ಕೂರುವ ಸ್ಕ್ರೀನು, ಬಟನ್ನು, ಅಲಾರಂಗಳನ್ನು ರೂಪಿಸುವುದು ನಮ್ಮ ಕೆಲಸ. ಡಿಸೈನ್ ತಂಡಕ್ಕೆ ನಾನು ಹಿರಿಯಳು. ಹಾಗಾಗಿ ಯಾರೇ ಒಳಗೆ ಬರಬೇಕಾದರೂ ನನ್ನ ಪೆನ್ಸಿಲ್ಲನ್ನು ದಾಟಿಯೇ ಬರಬೇಕಿತ್ತು.

ನನ್ನ ಪದ್ಧತಿ ಹೀಗೆ. ಮೊದಲ ಓದಿನಲ್ಲಿ ‘ನಾವು’ ಎಂದಿರುವಲ್ಲೆಲ್ಲ ಸುತ್ತು ಹಾಕುತ್ತಿದ್ದೆ. ‘ನಾವು ಬಳಕೆದಾರರನ್ನು ಮಾತಾಡಿಸಿದೆವು’ ಅಂತಿರುತ್ತದೆ. ನಾವು ಅಂದರೆ ಯಾರಪ್ಪಾ? ನೀನೇ ಮಾತಾಡಿಸಿದೆಯಾ, ಪಕ್ಕದಲ್ಲಿ ಕೂತು ತಲೆ ಆಡಿಸಿದೆಯಾ, ಇಲ್ಲಾ ಯಾರೋ ಮಾತಾಡಿಸಿದ್ದನ್ನು ಎಸಿ ರೂಮಿನಲ್ಲಿ ಓದಿದೆಯಾ? ಎರಡನೇ ಓದು ಅಂಕಿಗಳಿಗೆ ಮೀಸಲು. ಈ ಡೆಕ್ಕುಗಳಲ್ಲಿ ಏನೇ ಮಾಡಿದರೂ ಸುಧಾರಣೆ ಆಗುವುದು ಶೇಕಡಾ ನಲವತ್ತೇ. ಮೂವತ್ತು ಅಂದರೆ ಕಡಿಮೆ ಅನಿಸುತ್ತದೆ, ಐವತ್ತು ಅಂದರೆ ಯಾರೂ ನಂಬುವುದಿಲ್ಲ. ಹಾಗಾಗಿ ನಲವತ್ತರ ಪಕ್ಕದಲ್ಲಿ ಬರೆಯುತ್ತಿದ್ದೆ: ಮೊದಲು ಎಷ್ಟಿತ್ತು, ಅಳೆದವರು ಯಾರು, ಎಷ್ಟು ಜನರ ಮೇಲೆ, ಎಷ್ಟು ದಿನ? ಈ ಸಾಲು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಮೂರನೇ ಓದಿನಲ್ಲಿ ಚೆಂದದ ಕೊನೆಯ ಚಿತ್ರಗಳ ಮೇಲೆ ಕಣ್ಣು. ಇದಕ್ಕೆ ಮೊದಲು ಏನನ್ನು ಮಾಡಿ ಬಿಸಾಕಿದಿರಿ? ಯಾರು ಬೇಡ ಅಂದರು? ಗೋಡೆ ತುಂಬ ಹಳದಿ ಚೀಟಿ ಅಂಟಿಸಿದ ಫೋಟೋ ಇದ್ದರಂತೂ ನನಗೆ ಹಬ್ಬ. “ಇದರಲ್ಲಿ ಒಂದು ಚೀಟಿ ಓದಿ ಹೇಳಿ” ಅನ್ನುತ್ತಿದ್ದೆ. ಬಹಳ ಮಂದಿಯ ಚೀಟಿಗಳಲ್ಲಿ ಏನೂ ಬರೆದೇ ಇರುತ್ತಿರಲಿಲ್ಲ.

ಹೀಗೆ ಗುರುತು ಹಾಕಿದ್ದರಲ್ಲಿ ಒಂಬತ್ತು ಪ್ರಶ್ನೆ ಆರಿಸಿ, ಪ್ರತಿಯೊಂದರ ಕೆಳಗೆ ಪೊಳ್ಳು ಉತ್ತರ ಹೇಗಿರುತ್ತದೆ, ಪರವಾಗಿಲ್ಲ ಅನ್ನುವಂಥದ್ದು ಹೇಗಿರುತ್ತದೆ, ಕೆಲಸ ಮಾಡಿದವರ ಉತ್ತರ ಹೇಗಿರುತ್ತದೆ ಎಂದು ಮುಂಚೆಯೇ ಬರೆದಿಡುತ್ತಿದ್ದೆ. ಕ್ರಮವಾಗಿ ಒಂದು, ಎರಡು, ಮೂರು ಅಂಕ. ಇಲ್ಲದಿದ್ದರೆ ನಗುಮುಖದವರಿಗೆ ಒಂದು ಅಂಕ ಜಾಸ್ತಿ ಬಿದ್ದುಬಿಡುತ್ತದೆ. ಇನ್ನೊಂದು ಕಟ್ಟುನಿಟ್ಟಿನ ನಿಯಮವೂ ಇತ್ತು. ಸಂದರ್ಶನದ ಹಿಂದಿನ ದಿನ ಸಂಜೆ ಐದರೊಳಗೆ ಪಟ್ಟಿ ಎಚ್‌ಆರ್ ಕೈ ಸೇರಬೇಕು. ಆಮೇಲೆ ಒಂದು ಅಲ್ಪವಿರಾಮವನ್ನೂ ಅಲುಗಾಡಿಸುವಂತಿಲ್ಲ. ಪಟ್ಟಿಯಲ್ಲಿಲ್ಲದ ಪ್ರಶ್ನೆಗೆ ಅಂಕವಿಲ್ಲ. ಹಿಂದೊಮ್ಮೆ ನಮ್ಮ ಪ್ಯಾನೆಲಿನವರೊಬ್ಬರು ತಮ್ಮ ಕಾಲೇಜಿನ ಹುಡುಗನಿಗೆ ನಿನಗಿಷ್ಟವಾದ ಆಪ್ ಯಾವುದು ಎಂದು ಕೇಳಿ, ಅವನ ನಂತರ ಬಂದ ಹುಡುಗಿಯ ಬೆವರಿಳಿಸಿದ್ದರು. ಅವಳು ಸುಮ್ಮನಿರದೆ ದೂರು ಕೊಟ್ಟಳು. ಆ ನಾಚಿಕೆಯಲ್ಲಿ ಈ ನಿಯಮ ಮಾಡಿದವಳು ನಾನೇ, ಹೆಮ್ಮೆಯಿಂದ.

ಆಫೀಸಿನಲ್ಲಿ ನನ್ನ ಸಂದರ್ಶನಕ್ಕೆ ‘ಎರಡು ಗ್ಲಾಸ್’ ಅಂತ ಹೆಸರು ಬಿದ್ದಿತ್ತು. ಒಳಗೆ ಹೋದವರು ಹೊರಬರುವ ಹೊತ್ತಿಗೆ ಎರಡು ಗ್ಲಾಸ್ ನೀರು ಕುಡಿದಿರುತ್ತಾರೆ ಅಂತ. ಹೆಸರಿಟ್ಟವನು ಪ್ಯಾನೆಲಿನಲ್ಲಿ ನನ್ನ ಜೊತೆ ಕೂರುವ ಎಂಜಿನಿಯರು. ಹೂಡಿಯವನೇ, ಆ ಊರಿನ ಹಳೇ ಒಕ್ಕಲು ಮನೆತನ. ನಮ್ಮ ಊಟದ ಹಾಲ್ ಇರುವುದು ಅವರಜ್ಜಿ ಅವರೆಕಾಯಿ ಕೀಳುತ್ತಿದ್ದ ಜಾಗದಲ್ಲಂತೆ. ಹಾಗಂತ ಹೇಳಿಕೊಂಡು ಕ್ಯಾಂಟೀನಿನಲ್ಲಿ ದಿನಾ ಒಂದು ಹಪ್ಪಳ ಜಾಸ್ತಿ ವಸೂಲಿ ಮಾಡುತ್ತಿದ್ದ. ಡಿಸೈನರು ಹೇಳಿದ್ದು ಮಷಿನ್ನಿನ ಲೆಕ್ಕದಲ್ಲಿ ನಿಜಕ್ಕೂ ಆಗುತ್ತದಾ ಎಂದು ನೋಡುವುದು ಅವನ ಕೆಲಸ. ನನ್ನ ಕಾಲೆಳೆಯುವುದು ಹೆಚ್ಚುವರಿ ಸೇವೆ.

“ಮೇಡಂ, ನೀವು ಇಂಟರ್‌ವ್ಯೂ ಮಾಡ್ತೀರೋ, ನುಗ್ಗೇಕಾಯಿ ಸಿಪ್ಪೆ ಸುಲೀತೀರೋ?” ಅಂತ ಕೇಳುತ್ತಿದ್ದ.

ನನಗೆ ಕೋಪ ಬರಬೇಕಿತ್ತು. ನಿಜ ಹೇಳಬೇಕೆಂದರೆ ಖುಷಿಯಾಗುತ್ತಿತ್ತು.

ಆ ಸಲ ಒಂದು ಹುದ್ದೆಗೆ ಮೂವರು ಉಳಿದಿದ್ದರು. ಮೂರು ಡೆಕ್ಕುಗಳ ಜೊತೆಗೆ ಎಚ್‌ಆರ್ ಮೇಡಂ ಇನ್ನೊಂದು ಕಾಗದವನ್ನೂ ತಂದಿಟ್ಟರು. “ಈಗ ಡೆಕ್ಕನ್ನ ಎಐಗೆ ಕೊಟ್ರೆ ಅದೇ ಪ್ರಶ್ನೆ ಮಾಡ್ಕೊಡುತ್ತೆ. ನಿಮ್ಮ ಟೈಮ್ ಉಳಿಯುತ್ತಲ್ವಾ?” ಅಂದರು. ಒಳ್ಳೆಯ ಹೆಂಗಸು, ನನ್ನ ಟೈಮ್ ಉಳಿಸುವುದರಲ್ಲಿ ಅವರಿಗೆ ನಿಜವಾದ ಕಾಳಜಿಯಿತ್ತು. ನಾನು ನಕ್ಕು ಆ ಕಾಗದವನ್ನು ಪಕ್ಕಕ್ಕಿಟ್ಟೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಒಂದು ಡೆಕ್ಕಿನ ಪಟ್ಟಿ ಮುಗಿಸಿ, ನನ್ನ ಒಂಬತ್ತು ಪ್ರಶ್ನೆಗಳ ಜೊತೆಗೆ ಅದನ್ನಿಟ್ಟು ಹೋಲಿಸಿದೆ. ಒಂಬತ್ತರಲ್ಲಿ ಏಳು ಅದರಲ್ಲಿದ್ದವು. ‘ತಂಡದಲ್ಲಿ ನಿಮ್ಮ ಪಾತ್ರವೇನು’, ‘ಈ ಅಂಕಿಯನ್ನು ಹೇಗೆ ಅಳೆದಿರಿ’, ‘ಯಾವ ಆಯ್ಕೆಗಳನ್ನು ಕೈಬಿಟ್ಟಿರಿ’, ಎಲ್ಲವೂ ಇದ್ದವು. ಇಷ್ಟು ವರ್ಷ ಪೆನ್ಸಿಲ್ ಚೂಪು ಮಾಡಿದ್ದು ಇದಕ್ಕೇನಾ ಎಂದು ಹೊಟ್ಟೆ ಉರಿಯಿತು. ಆ ಕಾಗದವನ್ನು ಹರಿದು, ಯಾರಿಗೂ ಸಿಗದಿರಲಿ ಎಂದು ಎರಡು ಬುಟ್ಟಿಗಳಲ್ಲಿ ಹಂಚಿ ಹಾಕಿದೆ.

ಮೂರರಲ್ಲಿ ಒಂದು ಡೆಕ್ಕು ಪೀಣ್ಯದ ಹುಡುಗಿಯದು. ಅಲ್ಲಿನ ಸಣ್ಣ ಕಂಪನಿಯೊಂದರಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದಳು. ಮಸಾಲೆ ಪುಡಿಗಳನ್ನು ಸಣ್ಣ ಪೌಚುಗಳಿಗೆ ತುಂಬಿ ಸೀಲ್ ಮಾಡುವ ಮಷಿನ್ ತಯಾರಿಸುವ ಕಂಪನಿ. ಮೂವತ್ತೊಂದು ಸ್ಲೈಡು. ಯಾವುದೋ ಆನ್‌ಲೈನ್ ಕೋರ್ಸಿನ ಅಚ್ಚಿನಲ್ಲಿ ಎರಕ ಹೊಯ್ದಿದ್ದು ಅಂತ ಎರಡನೇ ಪುಟದಲ್ಲೇ ತಿಳಿಯಿತು. ಆಪರೇಟರ್ ಎಂದು ತೋರಿಸಿದ್ದ ಚಿತ್ರದಲ್ಲಿ ಫಳಫಳ ಹಲ್ಲಿನ ಫಾರಿನ್ ಮನುಷ್ಯನೊಬ್ಬ ಹೊಸ ಹೆಲ್ಮೆಟ್ ಹಾಕಿಕೊಂಡು ನಗುತ್ತಿದ್ದ. ಹಳದಿ ಚೀಟಿಗಳ ಗೋಡೆ ಇತ್ತು. ಶೇಕಡಾ ನಲವತ್ತು ಇತ್ತು, ಅದೂ ದಪ್ಪಕ್ಷರದಲ್ಲಿ. ಇಪ್ಪತ್ತೇಳನೇ ಸ್ಲೈಡಿನಲ್ಲಿ ಮಾತ್ರ ಫೋನಿನಲ್ಲಿ ತೆಗೆದ ಒಂದು ಮಂಕು ಫೋಟೋ, ಕೆಳಗೆ ಇಂಗ್ಲಿಷಿನಲ್ಲಿ ಎರಡೇ ಪದದ ಶೀರ್ಷಿಕೆ, ‘ಹಾರ್ಡ್‌ವೇರ್ ಚೇಂಜ್’. ಮಷಿನ್ನಿನ ಮೇಲಿನ ಎರಡು ಬಟನ್ನು ಇರಬೇಕು ಅಂದುಕೊಂಡು ಪುಟ ತಿರುವಿದೆ. ಒಂಬತ್ತೂ ಪ್ರಶ್ನೆಗಳು ಮಿಂಚುವ ಸ್ಲೈಡುಗಳಿಗೇ ಖರ್ಚಾದವು. ಐದಕ್ಕೆ ಐದು ನಿಮಿಷ ಇರುವಾಗ ಪಟ್ಟಿ ಕಳಿಸಿದೆ.

ಮರುದಿನ ಬೆಳಿಗ್ಗೆ ಅವಳು ಬಂದಳು. ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಹೂಡಿಯವರೆಗೆ ಇಡೀ ಊರನ್ನೇ ದಾಟಿ ಬಂದಿದ್ದಳು. ಹೊಸದಾಗಿ ಇಸ್ತ್ರಿ ಮಾಡಿದ ಕುರ್ತಾ, ಕೈಯಲ್ಲಿ ಲ್ಯಾಪ್‌ಟಾಪು. ಎಚ್‌ಆರ್ ಮೇಡಂ ವಿಡಿಯೋ ಕಾಲ್‌ನಲ್ಲಿ ಗೋಡೆಯ ಪರದೆಯ ಮೇಲಿದ್ದರು. ಕೆಲಸದ ಹುಡುಕಾಟ ಹೇಗೆ ನಡೀತಿದೆ ಎಂದು ಅವರು ಕೇಳಿದ್ದಕ್ಕೆ ಹುಡುಗಿ ಸುತ್ತಿ ಬಳಸದೆ ಹೇಳಿದಳು. ಪೀಣ್ಯದ ಯೂನಿಟ್ಟು ಆ ತಿಂಗಳ ಕೊನೆಗೆ ಮುಚ್ಚುತ್ತಿತ್ತು. ಇದಕ್ಕೆ ಮೊದಲು ನಾಲ್ಕು ಕಡೆ ಇದೇ ಸುತ್ತಿನವರೆಗೆ ಬಂದು ಹೊರಬಿದ್ದಿದ್ದಳು. ನಾಲ್ಕು ಕಡೆಯಿಂದಲೂ ಒಂದೇ ಉತ್ತರ: ಕೆಲಸದಲ್ಲಿ ಆಳ ಕಾಣಲಿಲ್ಲ. ಇಲ್ಲೂ ಆಗದಿದ್ದರೆ ಡಿಸೈನ್ ಬಿಟ್ಟು ಚಿಕ್ಕಪ್ಪನ ಮಷಿನ್ ಬಿಡಿಭಾಗದ ಅಂಗಡಿಯಲ್ಲಿ ಕೂರುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತಂತೆ.

ನಾನು ಮೊದಲನೇ ಪ್ರಶ್ನೆ ಕೇಳಿದೆ. ‘ನಾವು’ ಅಂದರೆ ಯಾರು?

ಗಂಟೆ ಹೊಡೆದ ಹಾಗೆ ಉತ್ತರ ಬಂತು. ಇಂಗ್ಲಿಷಿನಲ್ಲಿ, ಮೂರು ಭಾಗದಲ್ಲಿ, ಒಂದೂ ತಡವರಿಕೆಯಿಲ್ಲದೆ. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಉತ್ತರ ಕೊಡುತ್ತ ನಾಲ್ಕನೆಯದಕ್ಕೂ ಸೇರಿಸಿಯೇ ಕೊಟ್ಟುಬಿಟ್ಟಳು, ನಾನು ಕೇಳುವ ಮುಂಚೆ. ನಾನು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಎಂಜಿನಿಯರು ಒಂದು ಚೀಟಿ ಬರೆದು ನನ್ನ ಕಡೆ ಸರಿಸಿದ: ‘ಮೇಡಂ, ಕ್ವಶ್ಚನ್ ಪೇಪರ್ ಲೀಕಾಗಿದೆ.’

ಕೇಳಿಯೇಬಿಟ್ಟೆ. “ನಿಮಗೆ ಈ ಪ್ರಶ್ನೆಗಳು ಮೊದಲೇ ಗೊತ್ತಿದ್ವಾ?”

ಅವಳ ಮುಖ ಕೆಂಪಾಯಿತು. “ಗೊತ್ತಿರ್ಲಿಲ್ಲ ಮೇಡಂ. ನನ್ನ ಡೆಕ್ಕನ್ನ ಎಐಗೆ ಹಾಕಿ, ಇದ್ರಲ್ಲಿ ಏನೇನು ಕೇಳ್ಬೋದು ಅಂತ ಕೇಳ್ದೆ. ನಲವತ್ತು ಪ್ರಶ್ನೆ ಕೊಡ್ತು. ಎಲ್ಲಾನೂ ಬರ್ಕೊಂಡು ತಂಗಿ ಮುಂದೆ ಪ್ರಾಕ್ಟೀಸ್ ಮಾಡ್ದೆ.” ನನಗೆ ಸಮಾಧಾನ ಹೇಳುವವಳಂತೆ ಸೇರಿಸಿದಳು: “ಇಲ್ಲಿವರ್ಗೂ ಕೇಳಿದ್ದೆಲ್ಲ ಅದ್ರಲ್ಲಿದ್ವು ಮೇಡಂ.”

ಎಂಜಿನಿಯರು ಕೆಮ್ಮುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದ. ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣವೇ ಇರಲಿಲ್ಲ, ಆದರೂ ಮಾಡಿಕೊಂಡೆ. ನೇರ ನಲವತ್ತರ ಸ್ಲೈಡಿಗೆ ಹಾರಿ, ಬಾಯಿಪಾಠದ ಉತ್ತರವನ್ನು ಪೂರ್ತಿ ಕೇಳಿಸಿಕೊಂಡು, “ಸರಿ, ಅಳೆದಿದ್ದು ಯಾರು? ಆ ದಿನ ನೀವು ಎಲ್ಲಿ ನಿಂತಿದ್ರಿ?” ಅಂದೆ.

ಮೊದಲ ಸಲ ಅವಳು ತಡವರಿಸಿದಳು. “ಅದು... ಕೋರ್ಸಿನ ಸಾರ್ ಒಂದು ನಂಬರ್ ಇರ್ಲೇಬೇಕು ಅಂದ್ರು. ಅದಕ್ಕೆ ಹಾಕ್ದೆ.”

ಸಿಕ್ಕಿಬಿದ್ದಳು! ಅವಳ ಕೈ ನೀರಿನ ಗ್ಲಾಸಿನತ್ತ ಹೋಯಿತು. ನಾನು ಆ ಪ್ರಶ್ನೆಗೆ ಒಂದು ಅಂಕ ಹಾಕಿದೆ, ಕೆಳಗೆ ಗೀಟನ್ನೂ ಎಳೆದೆ. ಇಂಥ ಗೆಲುವಿನ ರುಚಿ ನನಗೆ ಚೆನ್ನಾಗಿ ಗೊತ್ತು, ಅದನ್ನು ಮುಚ್ಚಿಡುವುದಿಲ್ಲ.

ಒಂಬತ್ತೂ ಮುಗಿದವು. ಅವಳು ಲ್ಯಾಪ್‌ಟಾಪಿನಲ್ಲಿ ಸ್ಲೈಡುಗಳನ್ನು ಸರಸರ ಕೊನೆಗೆ ಓಡಿಸುತ್ತಿದ್ದಾಗ ಇಪ್ಪತ್ತೇಳನೆಯದು ಕಣ್ಣೆದುರು ಹಾದುಹೋಯಿತು. ಎಂಜಿನಿಯರು ಕುತ್ತಿಗೆ ಚಾಚಿದ. “ತಡೀರಿ ತಡೀರಿ. ಆ ಬಟನ್ ಸುತ್ತ ಏನ್ರೀ ಅದು, ಬಳೇನಾ?”

ಹುಡುಗಿ ಇದ್ದಕ್ಕಿದ್ದಂತೆ ನೆಟ್ಟಗೆ ಕೂತಳು. ಇಂಗ್ಲಿಷು ಎಲ್ಲಿ ಹೋಯಿತೋ. “ಹ್ಞೂ ಸಾರ್, ಬಳೇನೇ! ಪ್ಲಾಸ್ಟಿಕ್ ಬಳೆ. ಅದೊಂದು ದೊಡ್ಡ ಕತೆ ಸಾರ್, ಖಾರದ ಪುಡಿ ಲೈನಲ್ಲಿ ಎಲ್ರೂ ಸೀನ್ತಿದ್ರು...”

“ಸಾರಿ,” ಅಂದರು ಎಚ್‌ಆರ್ ಮೇಡಂ ಗೋಡೆಯಿಂದ. “ಅದು ಲಿಸ್ಟ್‌ನಲ್ಲಿ ಇಲ್ಲ. ಟೈಮೂ ಆಯ್ತು. ಉಳಿದ ಇಬ್ಬರಿಗೆ ಹೀಗೆ ಎಕ್ಸ್‌ಟ್ರಾ ಕೊಡೋಕಾಗಲ್ಲ ಅಲ್ವಾ?” ನನ್ನ ಕಡೆ ನೋಡಿ ನಕ್ಕರು. ನಿಯಮ ನನ್ನದು, ಅವರು ಪಾಲಿಸುತ್ತಿದ್ದರು. ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ, ಥ್ಯಾಂಕ್ಸ್ ಹೇಳಿ, ಮೆಟ್ರೋ ಕಡೆಗೆ ಹೋದಳು.

ಊಟಕ್ಕೆ ಮುಂಚೆ ಮೂವರದೂ ಮುಗಿಸಿ ಅಂಕಗಳನ್ನು ಕೂಡಿದಾಗ ಅವಳು ಮೂರನೆಯವಳು. ಬಾಯಿಪಾಠಕ್ಕೆಲ್ಲ ಎರಡೆರಡು, ನಲವತ್ತಕ್ಕೆ ಒಂದು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಐದನೇ ಕಂಪನಿಯಾಗಿ ನಾವೂ ‘ಆಳ ಕಾಣಲಿಲ್ಲ’ ಎಂದು ಬರೆದು ಕಳಿಸಿದರೆ ಮುಗಿಯುತ್ತಿತ್ತು.

“ಮೇಡಂ,” ಅಂದ ಎಂಜಿನಿಯರು, “ಎಲ್ರೂ ಸೀನಿದ್ದು ಯಾಕೆ ಅಂತ ಗೊತ್ತಾಗ್ದೆ ನಂಗೆ ಇವತ್ತು ಊಟ ಇಳಿಯಲ್ಲ.” ಅವನಿಗೆ ಊಟ ಚೆನ್ನಾಗಿಯೇ ಇಳಿಯಿತು, ಎರಡು ಹಪ್ಪಳದ ಸಮೇತ. ಇಳಿಯದಿದ್ದುದು ನನಗೆ.

ಊಟವಾದ ಮೇಲೆ ಇಪ್ಪತ್ತೇಳನೇ ಸ್ಲೈಡನ್ನು ಇಡೀ ಹಾಳೆಗೆ ದೊಡ್ಡದು ಮಾಡಿ ಪ್ರಿಂಟ್ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಕ್ಕಪಕ್ಕ ಎರಡು ಹಸಿರು ಬಟನ್ನು, ಒಂದೇ ಅಳತೆಯವು. ಎಡಗಡೆಯದರ ಸುತ್ತ ಕೆಂಪು ಬಳೆ ಅಂಟಿಸಿದೆ. ಬಲಗಡೆಯದರ ಸುತ್ತ ಬಳೆಯಿಲ್ಲ, ಆದರೆ ದುಂಡಗೆ ಒಂದು ಮಾಸಿದ ಅಂಟಿನ ಗುರುತಿದೆ. ಫೋಟೋದ ಮೂಲೆಯಲ್ಲಿ ಒಂದು ರಟ್ಟಿನ ಚೂರು, ಅದರ ಮೇಲೆ ಪೆನ್ನಿನ ಗೀಟುಗಳು, ನಾಲ್ಕು ಉದ್ದ ಎಳೆದು ಐದನೆಯದನ್ನು ಅಡ್ಡ ಹೊಡೆದವು. ಯಾರೋ ಏನನ್ನೋ ಎಣಿಸಿದ್ದರು.

ನನಗೆ ಬಹಳ ನಾಚಿಕೆಯಾಯಿತು. ಡೆಕ್ಕು ಯಾವುದನ್ನು ನೋಡು ಎಂದು ಬೆರಳು ಮಾಡಿತೋ ಅದನ್ನೇ ನೋಡಿಕೊಂಡು ಬಂದಿದ್ದೆ. ಬೆರಳು ಮಾಡಿದ ಕಡೆಗೆ ಪ್ರಶ್ನೆ ಹಾಕುವುದಾದರೆ ಉತ್ತರವೂ ಅಲ್ಲಿ ಸಿದ್ಧವಾಗಿಯೇ ಇರುತ್ತದೆ. ಕುತೂಹಲಕ್ಕೆ ಆ ಒಂದು ಸ್ಲೈಡನ್ನು ನಾನೂ ಎಐಗೆ ಹಾಕಿದೆ. ‘ಈ ಹಾರ್ಡ್‌ವೇರ್ ಬದಲಾವಣೆಯು ಬಳಕೆದಾರರ ಅನುಭವವನ್ನು ಹೇಗೆ ಉತ್ತಮಗೊಳಿಸಿತು?’ ಎಂದು ಗಂಭೀರವಾಗಿ ಕೇಳಿತು. ಶೀರ್ಷಿಕೆ ಓದಿ ಕೇಳಿದ ಪ್ರಶ್ನೆ ಅದು, ಅಂಟಿನ ಗುರುತು ಅದಕ್ಕೂ ಕಂಡಿರಲಿಲ್ಲ. ಅಷ್ಟರಮಟ್ಟಿಗೆ ನಾವಿಬ್ಬರೂ ಸರಿಸಮ.

ಎಚ್‌ಆರ್ ಮೇಡಂ ಹತ್ತಿರ ಹೋಗಿ ನನ್ನ ಪಟ್ಟಿ ಕೆಟ್ಟದಾಗಿತ್ತು ಎಂದು ಒಪ್ಪಿಕೊಂಡೆ. ಅವರು ಕುರ್ಚಿಯಿಂದ ಅರ್ಧ ಎದ್ದರು.

“ನೀವು ಹೀಗಂತಿದ್ದೀರಾ?”

“ನಾನೇ. ಇನ್ನೊಂದು ಸುತ್ತು ಬೇಕು. ಅವಳೊಬ್ಬಳಿಗೇ ಅಲ್ಲ, ಮೂವರಿಗೂ. ಒಬ್ಬೊಬ್ಬರ ಡೆಕ್ಕಿನಲ್ಲೂ ಎಲ್ಲಕ್ಕಿಂತ ಕೆಟ್ಟದಾಗಿ ಕಾಣೋ ಸ್ಲೈಡು ಒಂದೇ. ಅದರ ಮೇಲೆ ಮೂರೇ ಪ್ರಶ್ನೆ. ಪಟ್ಟಿ ಐದು ಗಂಟೆಯೊಳಗೆ ನಿಮ್ಮ ಕೈಲಿರುತ್ತೆ.”

“ಕೆಟ್ಟ ಸ್ಲೈಡು ಅಂತ ಮೇಲ್‌ನಲ್ಲಿ ಬರೆಯೋಕಾಗಲ್ಲ,” ಅಂದರು. ಕೊನೆಗೆ ‘ಆಯ್ದ ಸ್ಲೈಡ್ ಚರ್ಚೆ’ ಅಂತ ಗೌರವದ ಹೆಸರು ಕೊಟ್ಟು ಮೂವರಿಗೂ ಕಳಿಸಿದರು.

ಎರಡು ದಿನದ ನಂತರ ಮೊದಲು ಬಂದವನ ಡೆಕ್ಕಿನಲ್ಲಿ ಕೆಟ್ಟ ಸ್ಲೈಡೇ ಇರಲಿಲ್ಲ. ಹುಡುಕಿ ಹುಡುಕಿ ಸಾಕಾಗಿ, ಕುಲುಮೆಯ ಪರದೆಯ ಚಿತ್ರವೊಂದರಲ್ಲಿ ಟೆಂಪರೇಚರ್ ಸೊನ್ನೆ ಅಂತ ತೋರಿಸುತ್ತಿದ್ದ ಸ್ಲೈಡನ್ನು ಹಿಡಿದಿದ್ದೆ. ಕುಲುಮೆಯ ಪರದೆಯಲ್ಲಿ ಸೊನ್ನೆ ಯಾವಾಗ ಬರುತ್ತದೆ ಎಂದು ಕೇಳಿದರೆ, ಅದು ಸುಮ್ಮನೆ ತುಂಬಿಸಿದ ಅಂಕಿ, ನಿಜವಾದ ಕುಲುಮೆ ತಾನು ನೋಡಿಲ್ಲ ಅಂದ. ಎರಡು ಗ್ಲಾಸ್ ನೀರು ಕುಡಿದ. ಎರಡನೆಯವನು ಹೆಬ್ಬಗೋಡಿ ಕಡೆಯವನು, ಪಾಪ, ಒಂದು ವಿಕಾರವಾದ ಎಕ್ಸೆಲ್ ಸ್ಲೈಡಿನ ಬಗ್ಗೆ ಚೆನ್ನಾಗಿಯೇ ಮಾತಾಡಿ, ಅರ್ಧ ಕೆಲಸ ತನ್ನ ಸೀನಿಯರದ್ದು ಎಂದು ತಾನೇ ಹೇಳಿದ. ಅವನಿಗೆ ಅಂಕ ಕೊಡುವಾಗ ನನಗೆ ಸಂತೋಷವಾಯಿತು.

ಆಮೇಲೆ ಅವಳು. ಈ ಸಲ ಕೈಯಲ್ಲಿ ಲ್ಯಾಪ್‌ಟಾಪು ಇರಲಿಲ್ಲ. ನಾನು ಫೋಟೋದ ದೊಡ್ಡ ಪ್ರಿಂಟನ್ನು ಮೇಜಿನ ಮೇಲಿಟ್ಟು, ಬಲಗಡೆಯ ಬಟನ್ ಮೇಲೆ ಪೆನ್ಸಿಲ್ ತುದಿಯಿಟ್ಟೆ. “ಇಲ್ಲಿ ಅಂಟಿನ ಗುರುತಿದೆ. ಬಳೆ ಮೊದಲು ಇಲ್ಲಿತ್ತಾ? ಯಾಕೆ ಜಾಗ ಬದಲಾಯ್ತು?”

ಅವಳು ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. ಈ ಪ್ರಶ್ನೆ ಅವಳ ನಲವತ್ತರಲ್ಲಿ ಇರಲಿಲ್ಲ.

“ಅಯ್ಯೋ, ಅದು ಕಾಣ್ಸುತ್ತಾ ಮೇಡಂ?” ಅಂತ ನಕ್ಕುಬಿಟ್ಟಳು. “ಮೊದ್ಲು ಅಲ್ಲೇ ಅಂಟ್ಸಿದ್ದೆ. ದಡ್ಡ ಕೆಲ್ಸ ಮಾಡ್ದೆ. ಬಲಗಡೆದು ಜಾಗ್ ಬಟನ್ನು. ಪೌಚ್ ಮಾಡೋ ಪ್ಲಾಸ್ಟಿಕ್ ಫಿಲ್ಮ್ ಸಿಕ್ಕಾಕೊಂಡಾಗ ಬಿಡಿಸಿ, ಅದನ್ನ ಒತ್ತಿ ಹಿಡ್ಕೊಂಡ್ರೆ ಮಷಿನ್ ನಿಧಾನಕ್ಕೆ ಒಂದೊಂದೇ ಪೌಚ್ ಮುಂದೆ ಹೋಗುತ್ತೆ, ಪುಡಿ ಬೀಳಲ್ಲ. ಸೀಲು, ಪ್ರಿಂಟು ಎಲ್ಲಾ ಸರಿಯಾಗಿ ಕೂತ್ಕೊಂಡ ಮೇಲೆ ಎಡಗಡೆ ಸ್ಟಾರ್ಟ್ ಒತ್ಬೇಕು. ಎರಡೂ ಹಸಿರು, ಪಕ್ಕಪಕ್ಕ. ಆಪರೇಟರ್ ಅಕ್ಕಂದಿರು ಗ್ಲೌಸ್ ಹಾಕಿರ್ತಾರೆ, ಕಣ್ಣು ಫಿಲ್ಮ್ ಮೇಲಿರುತ್ತೆ, ಬಟನ್ ನೋಡೋದೇ ಇಲ್ಲ. ಜಾಗ್ ಅಂದ್ಕೊಂಡು ಸ್ಟಾರ್ಟ್ ಒತ್ಬಿಟ್ರೆ ಸೀಲ್ ಆಗ್ದಿರೋ ಪೌಚಿಗೆ ಖಾರದ ಪುಡಿ ಸುರಿಯೋದು. ಇಡೀ ಲೈನೇ ಸೀನೋದು.”

“ಓಹೋ!” ಅಂದ ಎಂಜಿನಿಯರು, ಎರಡು ದಿನದ ಬಾಕಿ ತೀರಿದವನಂತೆ.

“ಜಾಗ್‌ಗೆ ಬಳೆ ಹಾಕಿದ್ರೆ ಬೆರಳಿಗೆ ಗೊತ್ತಾಗಿ ಅಲ್ಲಿಗೇ ಹೋಗುತ್ತೆ ಅಂದ್ಕೊಂಡೆ. ಆದ್ರೆ ಬೆರಳಿಗೆ ಬಳೆ ತಗುಲಿದ ತಕ್ಷಣ ಅವ್ರು ಕೈ ಹಿಂದಕ್ಕೆ ಎಳ್ಕೊಳೋರು, ಏನೋ ಬೇರೆ ಸಾಮಾನು ಮುಟ್ಬಿಟ್ಟೆ ಅಂತ. ಪಕ್ಕಕ್ಕೆ ಜಾರಿ ಸೀದಾ ಸ್ಟಾರ್ಟೇ ಒತ್ತೋರು. ಸೀನು ಜಾಸ್ತಿ ಆಯ್ತು ಮೇಡಂ. ಅದಕ್ಕೆ ಕಿತ್ತು ಸ್ಟಾರ್ಟ್ ಸುತ್ತ ಹಾಕ್ದೆ. ಈಗ ಸ್ಟಾರ್ಟ್ ಒತ್ಬೇಕು ಅಂದ್ರೆ ಬಳೆಯೊಳಗೆ ಬೆರಳು ತೂರಿಸ್ಬೇಕು, ಗೊತ್ತಿದ್ದೇ ಒತ್ಬೇಕು.”

ಎಂಜಿನಿಯರು ನನ್ನ ಕಡೆ ನೋಡಿ ತಲೆಯಾಡಿಸಿದ. ಸ್ಟಾರ್ಟ್ ಬಟನ್ನು ತಾನಾಗಿ ಒತ್ತಿಹೋಗಬಾರದೆಂದು ಅದರ ಸುತ್ತ ಎತ್ತರದ ಅಂಚು ಕೊಡುವುದು ನಮ್ಮ ಕಸುಬಿನಲ್ಲಿ ಇರುವ ಪದ್ಧತಿಯೇ. ಅದನ್ನು ಯಾರೂ ಹೇಳಿಕೊಡದೆ, ತಪ್ಪು ಬಟನ್ನಿನಿಂದ ಶುರುಮಾಡಿ ಇವಳು ಕಂಡುಕೊಂಡಿದ್ದಳು.

ನಾನು ರಟ್ಟಿನ ಮೇಲೆ ಪೆನ್ಸಿಲ್ ಇಟ್ಟೆ. “ಇದು ಯಾವುದರ ಎಣಿಕೆ?”

“ಸೀನಿದ್ದು,” ಅಂದಳು, ತುಸು ನಾಚಿಕೊಂಡು. “ಒಬ್ಬೊಬ್ರು ಸೀನಿದ್ದಲ್ಲ. ಪುಡಿ ಹಾರಿ ಲೈನ್ ನಿಲ್ಸಿದ್ರೆ ಒಂದು ಗೀಟು. ಬಳೆ ಇಲ್ದಾಗ ಒಂದು ವಾರ, ಜಾಗ್ ಮೇಲಿದ್ದಾಗ ಒಂದು ವಾರ, ಸ್ಟಾರ್ಟ್ ಮೇಲೆ ಹಾಕಿದ್ಮೇಲೆ ಒಂದು ವಾರ. ಅದೇ ಅಕ್ಕಂದಿರು, ಅದೇ ಶಿಫ್ಟು. ರಟ್ಟು ಇನ್ನೂ ಮನೇಲಿದೆ. ಡೆಕ್ಕಿಗೆ ಹಾಕೋಣ ಅಂದಿದ್ದಕ್ಕೆ ಕೋರ್ಸಿನ ಸಾರ್, ಸೀನಿದ್ದೆಲ್ಲ ತೋರಿಸ್ಬೇಡ, ಪ್ರೊಫೆಷನಲ್ ಆಗಿರಲ್ಲ, ನಲವತ್ತು ಪರ್ಸೆಂಟ್ ಅಂತ ಹಾಕು ಅಂದ್ರು.”

ನಿಜವಾದ ಅಳತೆಯನ್ನು ಮನೆಯಲ್ಲಿಟ್ಟು, ಸುಳ್ಳು ಅಳತೆಯನ್ನು ಹೊತ್ತುಕೊಂಡು ನಾಲ್ಕು ಕಂಪನಿ ಸುತ್ತಿದ್ದಳು. ನನಗೆ ಅವಳ ಮೇಷ್ಟ್ರ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದದ್ದು ಹೆಚ್ಚು. ಆ ನಲವತ್ತನ್ನು ಹಿಡಿದುಕೊಂಡೇ ಅಲ್ಲವೇ ನಾನೂ ಅವಳನ್ನು ಬೀಳಿಸಿದ್ದು.

ಮೂರನೇ ಪ್ರಶ್ನೆ ಸಣ್ಣದು. “ಬಳೆ ಯಾರದು?”

“ಲೈನಲ್ಲಿದ್ದ ಅಕ್ಕಂದು. ಐಡಿಯಾ ಕೂಡ ಅರ್ಧ ಅವರ್ದೇ ಮೇಡಂ. ಅವ್ರು ಗುರುತಿಗೆ ಅಂತ ಬಟನ್ನಿಗೆ ದಾರ ಸುತ್ಕೊಂಡಿದ್ರು, ದಿನಾ ಬಿಚ್ಚಿ ಹೋಗೋದು. ನಾನು ಅದನ್ನ ನೋಡ್ದೆ, ಬಳೆ ಕೇಳ್ದೆ, ತಪ್ಪಾಗಿ ಅಂಟ್ಸಿದ್ದು ನಾನು, ಎಣಿಸಿದ್ದು ನಾನು. ಆಮೇಲೆ ಅಂಚು ಎತ್ತರ ಇರೋ ಬಟನ್ನೇ ತರಿಸ್ಕೊಡಿ ಅಂತ ಓನರ್ ಹತ್ರ ಜಗಳ ಆಡಿದ್ದೂ ನಾನೇ. ತರಿಸಿದ್ರು. ಬಳೆ ಅಕ್ಕಂಗೆ ವಾಪಸ್ ಕೊಟ್ಟೆ.”

‘ನಾವು’ ಅಂದರೆ ಯಾರು ಎಂಬುದಕ್ಕೆ ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಅತಿ ಚೊಕ್ಕ ಉತ್ತರ ಅದು. ಆ ಪ್ರಶ್ನೆಯನ್ನು ನಾನು ಕೇಳಿರಲೇ ಇಲ್ಲ. ಮೂರಕ್ಕೂ ಪೂರ್ತಿ ಅಂಕ ಬರೆದೆ.

ನಮ್ಮಲ್ಲಿ ಕೊನೆಗೆ ಅಭ್ಯರ್ಥಿಗೂ ಒಂದು ಪ್ರಶ್ನೆ ಕೇಳಲು ಬಿಡುವ ರೂಢಿ. ಸಾಮಾನ್ಯವಾಗಿ ರಜೆ ಎಷ್ಟು, ವಾರದಲ್ಲಿ ಎಷ್ಟು ದಿನ ಆಫೀಸಿಗೆ ಬರಬೇಕು ಎಂದು ಕೇಳುತ್ತಾರೆ. “ನಮ್ಮನ್ನೇನಾದ್ರೂ ಕೇಳೋದಿದೆಯಾ?” ಅಂದೆ.

ಅವಳು ಯೋಚಿಸಿದಳು. ಕಣ್ಣಲ್ಲಿ ತುಂಟತನ ಕಂಡಿತು, ಅಥವಾ ನನಗೆ ಹಾಗನಿಸಿತು. “ಮೇಡಂ, ನೀವೂ ಒಂದ್ಸಲ ಡೆಕ್ ತಗೊಂಡೇ ಇಲ್ಲಿಗೆ ಬಂದಿರ್ತೀರಲ್ವಾ? ಅದ್ರಲ್ಲಿ ಕೆಟ್ಟ ಸ್ಲೈಡು ಯಾವ್ದು?”

ಗೋಡೆಯ ಮೇಲಿನ ಎಚ್‌ಆರ್ ಮೇಡಂ “ಅದು ಲಿಸ್ಟ್‌ನಲ್ಲಿ...” ಎಂದು ಶುರುಮಾಡಿದರು. ಎಂಜಿನಿಯರು ಅವರ ಕಡೆಗೆ ಕೈ ಮುಗಿದ. “ಇದು ಅವರ ಟರ್ನು ಮೇಡಂ. ರೂಲ್ಸು ಅಂದ್ರೆ ರೂಲ್ಸು.”

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಜಾರಿಕೊಳ್ಳುವ ಉತ್ತರಗಳ ಇಡೀ ಸಂಗ್ರಹವೇ ನನ್ನ ಹತ್ತಿರವಿತ್ತು, ಅಷ್ಟು ಜನರಿಂದ ಕಲಿತಿದ್ದೆ. ಆದರೆ ಅವಳು ತನ್ನ ದಡ್ಡತನವನ್ನು ನಗುತ್ತ ಬಿಚ್ಚಿಟ್ಟ ಮೇಜಿನ ಮುಂದೆಯೇ ನಾನು ಕೂತಿದ್ದೆ.

“ಹನ್ನೊಂದನೇ ಸ್ಲೈಡು,” ಅಂದೆ. “ಅಲಾರಂ ಪರದೆ ಬದಲಾಯಿಸಿದ ಮೇಲೆ ಆಪರೇಟರುಗಳ ತಪ್ಪು ಶೇಕಡಾ ನಲವತ್ತು ಕಮ್ಮಿ ಆಯ್ತು ಅಂತ ಹಾಕಿದ್ದೆ.”

ಅವಳು ಮೇಜಿನ ಮೇಲಿದ್ದ ನನ್ನ ಪೆನ್ಸಿಲ್ಲನ್ನು ತೆಗೆದುಕೊಂಡಳು. ಬೇಕೆಂದೇ ಮಾಡಿದಳು ಅಂತ ನಾನು ಈಗಲೂ ಹೇಳುತ್ತೇನೆ, ಅವಳು ಈಗಲೂ ಇಲ್ಲ ಅನ್ನುತ್ತಾಳೆ. “ಮೊದ್ಲು ಎಷ್ಟಿತ್ತು ಮೇಡಂ? ಯಾರು ಅಳೆದ್ರು?”

ಯಾರೂ ಅಳೆದಿರಲಿಲ್ಲ. ಹದಿನಾಲ್ಕು ವರ್ಷದಿಂದ ಅದನ್ನು ಯಾರೂ ಕೇಳಿರಲೂ ಇಲ್ಲ. ಆ ಸ್ಲೈಡನ್ನು ನೋಡಿ ಮೆಚ್ಚಿಯೇ ನನಗೆ ಈ ಕುರ್ಚಿ ಕೊಟ್ಟಿದ್ದರು. “ಯಾರೂ ಇಲ್ಲ,” ಅಂತ ಹೇಳಿದೆ.

ಎಂಜಿನಿಯರು ನನ್ನ ಮುಂದಿದ್ದ ಗ್ಲಾಸನ್ನು ನಾನು ಖಾಲಿ ಮಾಡುವವರೆಗೂ ಕಾದು, ತನ್ನದನ್ನೂ ತುಂಬಿಸಿ ನನ್ನ ಕಡೆಗೆ ಸರಿಸಿದ. ನಾನು ಅದನ್ನೂ ಕುಡಿದೆ. ಆಮೇಲೆ ಅವಳಿಂದ ಪೆನ್ಸಿಲ್ ವಾಪಸು ಇಸಿದುಕೊಂಡು, ಮೊದಲ ದಿನದ ಹಾಳೆಯಲ್ಲಿ ಅವಳ ನಲವತ್ತಕ್ಕೆ ಹಾಕಿದ್ದ ಒಂದು ಅಂಕದ ಪಕ್ಕದಲ್ಲಿ ‘ನನಗೂ ಇಷ್ಟೇ’ ಎಂದು ಬರೆದು, ಸಹಿ ಮಾಡಿ, ಈ ಹುಡುಗಿ ನಮಗೆ ಬೇಕು ಎಂದು ಎಚ್‌ಆರ್ ಮೇಡಂಗೆ ಹೇಳಿದೆ.